ನಾಮಕರಣದ ಹಾರೈಕೆ ಕಾರ್ಡು: ಮೊಳಕೆಯ ಗಾದೆಯನ್ನು ಬರೆಯುವ ಬಗೆ

ನಾಮಕರಣಕ್ಕೆ ಕೊಂಡೊಯ್ಯುವ ಹಾರೈಕೆ ಕಾರ್ಡಿನಲ್ಲಿ ಮಗುವಿನ ಮುಂದಿನ ಬಾಳು ಬೆಳಗಲಿ ಎನ್ನುವುದಕ್ಕೆ ಕನ್ನಡಿಗರು ಹೆಚ್ಚಾಗಿ ಬರೆಯುವ ಗಾದೆ ‘ಬೆಳೆಯುವ ಸಿರಿ ಮೊಳಕೆಯಲ್ಲಿ’. ಕೆಲವು ಕಡೆ ಇದನ್ನೇ ‘ಬೆಳೆಯುವ ಪೈರು ಮೊಳಕೆಯಲ್ಲೇ’ ಎಂದೂ ಹೇಳುತ್ತಾರೆ. ಹೊಲದಲ್ಲಿ ಬಿತ್ತಿದವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಮೊಳಕೆ ಸೊಂಪಾಗಿ ಎದ್ದರೆ ಬೆಳೆ ಕೈಗೆ ಹತ್ತುತ್ತದೆ ಎಂಬ ಭರವಸೆ ಅದರಲ್ಲಿದೆ. ಆದರೆ ಈ ಗಾದೆಯನ್ನು ಕಾರ್ಡಿನಲ್ಲಿ ಹಾಗೆಯೇ ಬರೆದುಬಿಟ್ಟರೆ ಅದು ಹಾರೈಕೆಯಾಗುವುದಿಲ್ಲ.

ಗಾದೆ ಹುಟ್ಟಿದ್ದು ಕಂಡದ್ದನ್ನು ಹೇಳಲಿಕ್ಕೆ. ಐದು ವರ್ಷದ ಹುಡುಗಿ ತಾಳ ತಪ್ಪದೆ ಹಾಡಿದಾಗ, ಹುಡುಗನೊಬ್ಬ ಬಾಯಲ್ಲೇ ಲೆಕ್ಕ ಬಿಡಿಸಿದಾಗ ಹಿರಿಯರು ಈ ಮಾತು ಆಡುತ್ತಾರೆ. ತೊಟ್ಟಿಲಲ್ಲಿ ಮಲಗಿದ ಕೂಸಿನಲ್ಲಿ ಅಂಥ ಗುರುತು ಇನ್ನೂ ಯಾವುದೂ ಇಲ್ಲ. ಇರುವುದು ಮನೆಯವರ ಆಸೆ ಮಾತ್ರ. ಹಾಗಾಗಿ ಬರಿಯ ಗಾದೆ ಇಲ್ಲಿ ಭವಿಷ್ಯ ನುಡಿದಂತೆ ಕೇಳಿಸುತ್ತದೆ. ಜೊತೆಗೆ, ಎಳೆಗೂಸನ್ನು ಎದುರಿಗೇ ಹೊಗಳಿದರೆ ದೃಷ್ಟಿ ತಾಗುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವುದೂ ಅದಕ್ಕಾಗಿಯೇ. ಹೊಗಳುವ ಬದಲು ಹರಸುವುದು ಹಿರಿಯರ ರೂಢಿ. ಕನ್ನಡದಲ್ಲಿ ಆ ಕೆಲಸವನ್ನು ‘ಆಗಲಿ, ಇರಲಿ, ಬರಲಿ’ ಎಂಬ ಕ್ರಿಯಾಪದಗಳು ಮಾಡುತ್ತವೆ. ಗಾದೆಯ ಹಿಂದೆಯೇ ಅಂಥದೊಂದು ವಾಕ್ಯ ಬಂದರೆ ಮಾತಿನ ದಿಕ್ಕು ಬದಲಾಗುತ್ತದೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ, ಈ ಮೊಳಕೆಗೆ ನೀರು, ನೆರಳು ಸದಾ ಸಿಗಲಿ’ ಎಂದಾಗ ಭಾರ ಕೂಸಿನ ಮೇಲಿನಿಂದ ಇಳಿದು, ಸಾಕುವವರ ಕಡೆಗೆ ಸರಿಯುತ್ತದೆ. ಅದು ಇರಬೇಕಾದದ್ದೂ ಅಲ್ಲಿಯೇ.

ಕಾರ್ಡು ಬರೆಯಲು ಕೂತವರಿಗೆ ಮೊದಲು ಎದುರಾಗುವ ತೊಡಕು ಮಗುವಿನ ಹೆಸರು. ಶಾಸ್ತ್ರದ ಲೆಕ್ಕದಲ್ಲಿ ನಾಮಕರಣ ಸಾಮಾನ್ಯವಾಗಿ ಹುಟ್ಟಿದ 11 ಅಥವಾ 12ನೆಯ ದಿನ, ಪುರುಡು ಕಳೆದ ಮೇಲೆ. ಈಗ ಬಾಣಂತನದ ಅನುಕೂಲ ನೋಡಿಕೊಂಡು ಮೂರು ಅಥವಾ ಐದನೆಯ ತಿಂಗಳಲ್ಲಿ ಇಟ್ಟುಕೊಳ್ಳುವವರೇ ಬಹಳ. ದಿನ ಯಾವುದಾದರೂ, ಹೆಸರು ಹೊರಬೀಳುವುದು ಅಂದೇ. ಹರಿವಾಣದಲ್ಲಿ ಅಕ್ಕಿ ಹರಡಿ, ತಂದೆ ಚಿನ್ನದ ಉಂಗುರದಿಂದ ಅದರ ಮೇಲೆ ಹೆಸರು ಬರೆಯುತ್ತಾನೆ. ಬಳಿಕ ಮಗುವಿನ ಕಿವಿಯಲ್ಲಿ ಹೇಳುತ್ತಾರೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆದ್ದರಿಂದ ಹಿಂದಿನ ದಿನವೇ ಕಾರ್ಡು ಬರೆದಿಡುವವರು ‘ಚಿ.’ ಎಂದು ಬರೆದು ಮುಂದೆ ಜಾಗ ಬಿಡುವುದು ಒಳ್ಳೆಯದು. ಹೆಸರು ಕೇಳಿದ ಮೇಲೆ ಅಲ್ಲಿಯೇ ತುಂಬಬಹುದು. ಕೆಲವು ಮನೆತನಗಳಲ್ಲಿ ಮಾಸನಾಮ, ನಕ್ಷತ್ರನಾಮ ಎಂದು ಎರಡು ಮೂರು ಹೆಸರು ಇಡುತ್ತಾರೆ. ಕಾರ್ಡಿಗೆ ಬೇಕಾದದ್ದು ವ್ಯವಹಾರನಾಮ, ಅಂದರೆ ಮುಂದೆ ಶಾಲೆಯಲ್ಲಿ ಕೂಗುವ ಹೆಸರು. ಜಾಗ ಬಿಡಲು ಇಷ್ಟವಿಲ್ಲದಿದ್ದರೆ ‘ಪುಟ್ಟ ಕಂದಾ’ ಎಂದು ಶುರುಮಾಡಿದರೆ ಸಾಕು, ಗಂಡುಮಗುವಿಗೂ ಹೆಣ್ಣುಮಗುವಿಗೂ ಸಲ್ಲುತ್ತದೆ.

ಇನ್ನೊಂದು ಸೂಕ್ಷ್ಮ, ಬರೆಯುವವರ ವಯಸ್ಸಿನದು. ಮಗುವಿಗೆ ಬಹುತೇಕ ಎಲ್ಲರೂ ಹಿರಿಯರೇ, ಆಶೀರ್ವಾದ ಬರೆಯಬಹುದು. ಆದರೆ ಕಾರ್ಡು ಓದುವವರು ತಂದೆತಾಯಿ. ತಂಗಿಯೊಬ್ಬಳು ಅಕ್ಕನಿಗೆ ‘ನಿಮ್ಮೆಲ್ಲರಿಗೂ ನನ್ನ ಆಶೀರ್ವಾದಗಳು’ ಎಂದು ಬರೆದರೆ ಕಿರಿಯಳು ಹಿರಿಯರನ್ನು ಹರಸಿದಂತಾಗುತ್ತದೆ. ಅಲ್ಲಿ ‘ಕಂದನಿಗೆ ಆಶೀರ್ವಾದ, ಅಕ್ಕ-ಭಾವನಿಗೆ ಅಭಿನಂದನೆ’ ಎಂದು ಬಿಡಿಸಿ ಬರೆಯುವುದೇ ಸರಿ.

ಒಂದು ಕಾರ್ಡನ್ನು ತಿದ್ದಿ ನೋಡಿದರೆ ಇದೆಲ್ಲ ಸ್ಪಷ್ಟವಾಗುತ್ತದೆ. ದೊಡ್ಡಮ್ಮ ದೊಡ್ಡಪ್ಪ ತಂಗಿಯ ಮಗಳಿಗೆ ಬರೆಯುವ ಮೊದಲ ಕರಡು ಹೀಗಿರಬಹುದು: ‘ಹಾರ್ಧಿಕ ಶುಭಾಷಯಗಳು. ಎಷ್ಟು ಮುದ್ದಾದ ಮಗು! ಬೆಳೆಯುವ ಸಿರಿ ಮೊಳಕೆಯಲ್ಲಿ. ಯಾವ ಕಾಯಿಲೆಯೂ ಬಾರದಿರಲಿ. ದೊಡ್ಡ ಡಾಕ್ಟರ್ ಆಗಿ ಅಪ್ಪ ಅಮ್ಮನ ಹೆಸರು ಉಳಿಸು.’

ಇಲ್ಲಿ ಪ್ರೀತಿಗೇನೂ ಕೊರತೆಯಿಲ್ಲ. ಆದರೂ ತಿದ್ದಬೇಕಾದದ್ದು ಸಾಕಷ್ಟಿದೆ. ಕಾಗುಣಿತ ‘ಹಾರ್ದಿಕ ಶುಭಾಶಯ’ ಎಂದಾಗಬೇಕು. ಅಂಗಡಿಯಲ್ಲಿ ಸಿಗುವ ಅಚ್ಚಾದ ಕಾರ್ಡುಗಳಲ್ಲೂ ಈ ತಪ್ಪು ಇರುವುದರಿಂದ ನೋಡಿಯೇ ಕೊಳ್ಳಬೇಕು. ಕಾಯಿಲೆಯ ಮಾತು ಬೇಡವೆಂಬ ಅರ್ಥದಲ್ಲಿ ಬಂದಿದ್ದರೂ ಶುಭದ ಹೊತ್ತಿನಲ್ಲಿ ಅದನ್ನು ಎತ್ತುವುದಿಲ್ಲ. ‘ಆರೋಗ್ಯವಿರಲಿ’ ಎಂದರೆ ಅದೇ ಆಶಯ ನೆಟ್ಟಗೆ ಮುಟ್ಟುತ್ತದೆ. ಇನ್ನು ಡಾಕ್ಟರ್ ಆಗೆಂಬುದು ಹಾರೈಕೆಯಲ್ಲ, ಕಟ್ಟಳೆ. ಕಣ್ಣು ಸರಿಯಾಗಿ ಬಿಡದ ಕೂಸಿಗೆ ಉದ್ಯೋಗ ಗೊತ್ತುಮಾಡುವುದು ನ್ಯಾಯವಲ್ಲ. ತಿದ್ದಿದ ಬರಹ ಹೀಗಾಗುತ್ತದೆ:

‘ಪುಟ್ಟ ಕಂದಾ, ನಿನಗೆ ಹೆಸರಿಟ್ಟ ಈ ದಿನ ಮನೆತುಂಬ ಸಂಭ್ರಮ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಈ ಮೊಳಕೆಗೆ ಅಪ್ಪ ಅಮ್ಮನ ನೆರಳು, ಅಜ್ಜ ಅಜ್ಜಿಯ ಹರಕೆ ಸದಾ ಇರಲಿ. ಆಯುಸ್ಸು, ಆರೋಗ್ಯ, ವಿದ್ಯೆ ನಿನಗೆ ಒಲಿದು ಬರಲಿ. ನೂರು ಕಾಲ ಸುಖವಾಗಿ ಬಾಳು. ನಿನ್ನ ದೊಡ್ಡಮ್ಮ, ದೊಡ್ಡಪ್ಪ.’

ಆರೇಳು ಸಾಲು ದಾಟಬೇಕಿಲ್ಲ. ಗಾದೆ ಒಂದೇ ಸಾಕು. ಎರಡು ಮೂರು ಸೇರಿಸಿದರೆ ಹರಸಿದವರ ದನಿ ಅಡಗಿಹೋಗುತ್ತದೆ. ಮಕ್ಕಳ ಮೇಲಿನ ಗಾದೆಗಳೆಲ್ಲ ಈ ಕಾರ್ಡಿಗೆ ಒಗ್ಗುವುದೂ ಇಲ್ಲ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದು ಶಿಸ್ತಿನ ಮಾತು, ತೊಟ್ಟಿಲ ಹತ್ತಿರ ಅದಕ್ಕೆ ಕೆಲಸವಿಲ್ಲ. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂಬುದು ಆತುರಗೇಡಿತನದ ಟೀಕೆ. ಕುಲಾವಿಯನ್ನೇ ಉಡುಗೊರೆ ಕೊಡುವಾಗಲೂ ಅದನ್ನು ಬರೆಯಬಾರದು. ‘ಕೀರ್ತಿಗೊಬ್ಬ ಮಗ, ಆರತಿಗೊಬ್ಬ ಮಗಳು’ ಎಂಬ ಮಾತು ಇಂದಿಗೂ ಕಾರ್ಡುಗಳಲ್ಲಿ ಕಾಣುತ್ತದೆ. ಅದು ಕೀರ್ತಿಯನ್ನು ಗಂಡುಮಗುವಿಗೆ ಮಾತ್ರ ಮೀಸಲಿಡುತ್ತದೆ. ಹೆಣ್ಣುಮಗುವಿನ ನಾಮಕರಣಕ್ಕಂತೂ ಅದು ಸಲ್ಲದು. ಮೊಳಕೆಯ ಗಾದೆಯ ಹೆಚ್ಚುಗಾರಿಕೆ ಇರುವುದು ಅದು ಇಂಥ ಭೇದ ಮಾಡದಿರುವುದರಲ್ಲಿ.

ಬರಹ ಕೈಯದೇ ಆಗಿರಲಿ. ಶುಭಕಾರ್ಯಕ್ಕೆ ಕಪ್ಪು ಶಾಯಿ ಬೇಡವೆನ್ನುವ ಮನೆಗಳು ಈಗಲೂ ಇರುವುದರಿಂದ ನೀಲಿ ಅಥವಾ ಕೆಂಪು ಶಾಯಿ ಬಳಸಿದರೆ ಯಾರಿಗೂ ಇರುಸುಮುರುಸಾಗದು. ಕೆಳಗೆ ಊರು, ತಾರೀಖು ಮತ್ತು ನಂಟು ತಿಳಿಯುವಂತೆ ಬರೆದವರ ಹೆಸರು ಇರಬೇಕು. ಮಗು ಓದು ಕಲಿತ ಮೇಲೆ ಯಾರು ಹರಸಿದ್ದರೆಂದು ತಿಳಿಯುವುದು ಅದರಿಂದಲೇ. ಮುಯ್ಯಿಯ 101 ಅಥವಾ 501 ರೂಪಾಯಿ ಇಟ್ಟ ಲಕೋಟೆಯೊಳಗೇ ಕಾರ್ಡನ್ನು ತುರುಕಬೇಡಿ. ಹಣ ತೆಗೆದು, ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಲಕೋಟೆಗಳು ಕಸಕ್ಕೆ ಹೋಗುತ್ತವೆ, ಜೊತೆಗೆ ಕಾರ್ಡೂ ಹೋಗುತ್ತದೆ. ಅದನ್ನು ಬೇರೆಯಾಗಿ ಬಾಣಂತಿಯ ಕೈಗೇ ಕೊಡಿ.