ಒಂದೇ ವರ್ಷಕ್ಕೆ ಎರಡು ಬೆಲೆಯೇರಿಕೆ

2024ರ ಮೇ ಕೊನೆಯಲ್ಲಿ ಕೇಂದ್ರ ಸರ್ಕಾರ 2023–24ರ ಜಿಡಿಪಿಯ ತಾತ್ಕಾಲಿಕ ಅಂದಾಜು ಪ್ರಕಟಿಸಿತು. ಆಯಾ ವರ್ಷದ ಬೆಲೆಯಲ್ಲೇ ಲೆಕ್ಕ ಹಾಕಿದರೆ ಜಿಡಿಪಿ ಬೆಳೆದದ್ದು ಶೇ 9.6, ಬೆಲೆಯೇರಿಕೆ ಕಳೆದರೆ ಶೇ 8.2. ಅಂದರೆ 1.096ನ್ನು 1.082ರಿಂದ ಭಾಗಿಸಿದಾಗ ಬೆಲೆಯೇರಿಕೆಯ ಪಾಲಿಗೆ ಉಳಿಯುವುದು ಶೇ 1.3 ಮಾತ್ರ. ಇದೇ ಜಿಡಿಪಿ ಡಿಫ್ಲೇಟರ್ ಹೇಳುವ ಹಣದುಬ್ಬರ. ಆದರೆ ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಸಿಪಿಐ ಪ್ರಕಾರ ಆ ವರ್ಷದ ಸರಾಸರಿ ಹಣದುಬ್ಬರ ಶೇ 5.4. ಆ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ ಟೊಮೆಟೊ ಕೊಂಡವರಿಗೆ ಎರಡನೆಯದೇ ನಿಜ ಅನ್ನಿಸಿರುತ್ತದೆ.

ಸಿಪಿಐ ನೋಡುವುದು ಮನೆಯವರು ಕೊಳ್ಳುವ ಸಾಮಾನಿನ ಬುಟ್ಟಿಯನ್ನು. ಸಾಮಾನು ಎಲ್ಲಿ ತಯಾರಾಯಿತು ಎಂಬುದು ಅದಕ್ಕೆ ಬೇಡ. ಡಿಫ್ಲೇಟರ್ ನೋಡುವುದು ದೇಶದೊಳಗೆ ಉತ್ಪಾದನೆಯಾದದ್ದನ್ನು. ಕೊಂಡವರು ಯಾರು ಎಂಬುದು ಅದಕ್ಕೆ ಬೇಡ. ಇದರ ಪರಿಣಾಮ ಎಷ್ಟೆಂದು ತಿಳಿಯಲು ಒಂದು ಪುಟ್ಟ ದೇಶವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಮನೆಗಳ ಖರ್ಚು ನೂರು ರೂಪಾಯಿ: ರಾಗಿಗೆ 50, ಬಟ್ಟೆಗೆ 30, ಹೊರದೇಶದಿಂದ ಬರುವ ಅಡುಗೆ ಎಣ್ಣೆಗೆ 20. ದೇಶದೊಳಗೆ ಆಗುವ ಉತ್ಪಾದನೆ 120: ರಾಗಿ 50, ಬಟ್ಟೆ 30, ಯಂತ್ರಗಳು 40. ಯಂತ್ರಗಳಲ್ಲಿ ಅರ್ಧ ಅಲ್ಲಿನ ಕಾರ್ಖಾನೆಗಳಿಗೆ. ಉಳಿದರ್ಧ ರಫ್ತಾಗಿ ಎಣ್ಣೆಯ ದುಡ್ಡು ತೀರಿಸುತ್ತದೆ.

ಮೊದಲು ಎಣ್ಣೆ ದರ ಒಂದೂವರೆ ಪಟ್ಟಾಗಲಿ. ಮನೆಯ ಬುಟ್ಟಿ 110ಕ್ಕೆ ಏರುತ್ತದೆ, ಸಿಪಿಐ ಶೇ 10 ಹೆಚ್ಚಿತು. ಡಿಫ್ಲೇಟರ್ ಮಾತ್ರ ಅಲುಗುವುದಿಲ್ಲ, ಎಣ್ಣೆ ಆ ದೇಶದ ಉತ್ಪಾದನೆಯೇ ಅಲ್ಲವಲ್ಲ. ಇನ್ನು ಎಣ್ಣೆಯ ಬದಲು ಯಂತ್ರದ ಬೆಲೆ ಶೇ 10 ಇಳಿಯಿತು ಅನ್ನಿ. ಉತ್ಪಾದನೆಯ ಮೌಲ್ಯ 120ರಿಂದ 116ಕ್ಕೆ ಬಂದು ಡಿಫ್ಲೇಟರ್ ಶೇ 3.3 ಕುಸಿಯುತ್ತದೆ. ಯಂತ್ರ ಕೊಳ್ಳದ ಮನೆಯವರ ಸೂಚ್ಯಂಕ ಇದ್ದಲ್ಲೇ ಇರುತ್ತದೆ.

ಮೂರನೆಯ ಸಂದರ್ಭ ಸ್ವಲ್ಪ ತೊಡಕಿನದು. ಮಳೆ ಕೈಕೊಟ್ಟು ರಾಗಿ ಬೆಳೆ ಶೇ 40ರಷ್ಟು ಕಡಿಮೆಯಾಗಿ, ದರ ಶೇ 40 ಏರಲಿ. ಸಿಪಿಐಯ ಬುಟ್ಟಿ ಹಳೆಯದು, ಅದರ ಪ್ರಮಾಣಗಳು ಬದಲಾಗುವುದಿಲ್ಲ. ಮನೆಯವರು ಮುಂಚಿನಷ್ಟೇ ರಾಗಿ ಕೊಳ್ಳುತ್ತಿದ್ದಾರೆ ಎಂದೇ ಲೆಕ್ಕ ಹಿಡಿದು 50ರ ರಾಗಿಗೆ 70 ಹಾಕುತ್ತದೆ. ಏರಿಕೆ ಶೇ 20. ಡಿಫ್ಲೇಟರ್ ಈ ವರ್ಷ ನಿಜಕ್ಕೂ ಬೆಳೆದಷ್ಟನ್ನೇ ತೂಗುತ್ತದೆ. ಹಳೆ ದರದಲ್ಲಿ ಈ ಸಲದ ರಾಗಿ 30 ರೂಪಾಯಿಯದು, ಹೊಸ ದರದಲ್ಲಿ 42. ಬಟ್ಟೆ, ಯಂತ್ರ ಸೇರಿಸಿದರೆ ಹಳೆ ದರದ ಮೊತ್ತ 100, ಹೊಸ ದರದ್ದು 112. ಏರಿಕೆ ಶೇ 12. ಬೆಳೆ ಕಡಿಮೆಯಾಗದೇ ದರ ಮಾತ್ರ ಏರಿದ್ದರೆ 120 ಇದ್ದದ್ದು 140 ಆಗಿ, ಡಿಫ್ಲೇಟರ್ ಸುಮಾರು ಶೇ 16.7 ತೋರಿಸುತ್ತಿತ್ತು. ತುಟ್ಟಿಯಾದ ವಸ್ತು ಬುಟ್ಟಿಯಲ್ಲಿ ಕಿರಿದಾಗುತ್ತಾ ಹೋದಂತೆ ಅದರ ಬಿಸಿಯೂ ಡಿಫ್ಲೇಟರಿಗೆ ಕಡಿಮೆ ತಟ್ಟುತ್ತದೆ. ಹಾಗಾಗಿ ಹಂಚಿ ತಿನ್ನುವ ಮನೆಯವರ ಕಷ್ಟಕ್ಕೆ ಡಿಫ್ಲೇಟರನ್ನು ಅಳತೆಗೋಲು ಮಾಡಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಸಿಪಿಐಗೂ ಅದರದೇ ದೋಷವಿದೆ: ರಾಗಿ ಬಿಟ್ಟು ಅಗ್ಗದ ಧಾನ್ಯಕ್ಕೆ ಹೊರಳಿದವರು ಅದರ ಕಣ್ಣಿಗೆ ಬೀಳುವುದಿಲ್ಲ.

ಈಗ 2023–24ಕ್ಕೆ ಮರಳೋಣ. ಆಗ ಬಳಕೆಯಲ್ಲಿದ್ದ, 2012ನ್ನು ಆಧಾರ ವರ್ಷ ಮಾಡಿಕೊಂಡ ಸಿಪಿಐಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಸುಮಾರು ಶೇ 46. ದೇಶದ ಒಟ್ಟು ಉತ್ಪಾದನೆಯಲ್ಲಿ ಕೃಷಿ ಮತ್ತು ಅದರ ಜೊತೆಗಿನ ಕಸುಬುಗಳ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆ. ತರಕಾರಿ, ಬೇಳೆ, ಅಕ್ಕಿ ತುಟ್ಟಿಯಾದ ಆ ವರ್ಷ ಇಷ್ಟೇ ಸಾಕಿತ್ತು, ಎರಡೂ ಬೇರೆಬೇರೆ ದಾರಿ ಹಿಡಿಯಲು.

ಇದರ ಮೇಲೆ ನಮ್ಮ ಲೆಕ್ಕದ ಪದ್ಧತಿಯೊಂದು ಸೇರಿತು. ಕಾರ್ಖಾನೆಗಳ ಉತ್ಪಾದನೆಯಿಂದ ಬೆಲೆಯೇರಿಕೆ ಕಳೆಯಲು ಆಗ ಹೆಚ್ಚಾಗಿ ಬಳಸುತ್ತಿದ್ದದ್ದು ಸಗಟು ಬೆಲೆ ಸೂಚ್ಯಂಕ. ಅದರಲ್ಲಿ ಲೋಹ, ಇಂಧನ, ರಾಸಾಯನಿಕಗಳದ್ದೇ ಭಾರ, ಸೇವೆಗಳಿಗೆ ಜಾಗವಿಲ್ಲ. ಆ ವರ್ಷ ಅದು ಏರುವ ಬದಲು ಶೇ 0.7 ಇಳಿದಿತ್ತು. ಕಚ್ಚಾಮಾಲು ಅಗ್ಗವಾಗಿ ಕಾರ್ಖಾನೆಯ ಲಾಭ ಉಬ್ಬಿದಾಗ, ಕಚ್ಚಾಮಾಲಿಗೂ ಸಿದ್ಧವಸ್ತುವಿಗೂ ಬೇರೆಬೇರೆ ಬೆಲೆಯಿಂದ ಲೆಕ್ಕ ಮಾಡಬೇಕು. ಹಾಗೆ ಮಾಡದೆ ಮೌಲ್ಯವರ್ಧನೆಯನ್ನು ಒಂದೇ ಸೂಚ್ಯಂಕದಿಂದ ಭಾಗಿಸಿದರೆ, ಅಗ್ಗದ ಕಚ್ಚಾಮಾಲಿನ ಲಾಭವೂ ಹೆಚ್ಚು ಉತ್ಪಾದನೆಯಂತೆ ಕಾಣುತ್ತದೆ. ಆ ವರ್ಷದ ಶೇ 8.2ರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಕೆಲವರು ತಕರಾರು ಎತ್ತಿದ್ದು ಇದೇ ಕಾರಣಕ್ಕೆ. ಡಿಫ್ಲೇಟರ್ ಕಡಿಮೆ ಬಂದಷ್ಟೂ ನೈಜ ಬೆಳವಣಿಗೆ ಹೆಚ್ಚು ಕಾಣುತ್ತದೆ.

ರಿಸರ್ವ್ ಬ್ಯಾಂಕಿನ ಶೇ 4ರ ಹಣದುಬ್ಬರದ ಗುರಿ ನಿಂತಿರುವುದು ಸಿಪಿಐ ಮೇಲೆ. ಅದು ತಿಂಗಳಿಗೊಮ್ಮೆ ಬರುತ್ತದೆ, ಒಮ್ಮೆ ಬಂದ ಮೇಲೆ ಹೆಚ್ಚು ಬದಲಾಗುವುದಿಲ್ಲ. ಡಿಫ್ಲೇಟರ್ ಬರುವುದು ಮೂರು ತಿಂಗಳಿಗೊಮ್ಮೆ, ಜಿಡಿಪಿ ತಿದ್ದಿದಾಗಲೆಲ್ಲ ಅದೂ ತಿದ್ದಿಸಿಕೊಳ್ಳುತ್ತದೆ. 2025ರ ಫೆಬ್ರುವರಿಯಲ್ಲಿ 2023–24ರ ಅಂದಾಜನ್ನು ಪರಿಷ್ಕರಿಸಿದಾಗ ನೈಜ ಬೆಳವಣಿಗೆ ಶೇ 9.2, ಅದೇ ವರ್ಷದ ಬೆಲೆಯಲ್ಲಿ ಶೇ 12 ಎಂದಾಯಿತು. ಡಿಫ್ಲೇಟರಿನ ಏರಿಕೆ ಶೇ 1.3 ಇದ್ದದ್ದು ಸುಮಾರು ಶೇ 2.6 ಆಯಿತು, ಸಿಪಿಐ ಮಾತ್ರ ಶೇ 5.4ರಲ್ಲೇ ಇತ್ತು.