ಹುಲಜಂತಿಯಲ್ಲಿ ಮೂವರು ಗೆಳೆಯರ ಬೇಕರಿ: ಪಾಲುದಾರಿಕೆ ಪತ್ರ ಬರೆಯುವುದು ಹೇಗೆ?

ಸೋಲಾಪುರ, ಅಕ್ಕಲಕೋಟೆ, ಮಂಗಳವೇಢೆ ಕಡೆಯ ನಮ್ಮ ಅನೇಕ ಮಕ್ಕಳು ಕಾನೂನು ಮತ್ತು ಕಾಮರ್ಸ್ ಓದುತ್ತಿದ್ದಾರೆ. ಕಾನೂನು ಓದುವವರಿಗೆ ದಸ್ತಾವೇಜು ಬರೆಯುವುದೇ ಒಂದು ಪ್ರಾಯೋಗಿಕ ವಿಷಯ. ಬಾರ್ ಕೌನ್ಸಿಲ್ ನಿಯಮದಂತೆ ದಸ್ತಾವೇಜಿನ 15 ಅಭ್ಯಾಸಗಳಿಗೆ 45 ಅಂಕ, ಕೊನೆಗೆ 10 ಅಂಕದ ಮೌಖಿಕ ಪರೀಕ್ಷೆ. ಒಂದು ಪತ್ರಕ್ಕೆ ಮೂರೇ ಅಂಕ ಎಂದು ಹುಡುಗರು ಗೈಡ್ ನೋಡಿ ನಕಲು ಮಾಡಿ ಮುಗಿಸುತ್ತಾರೆ. ಮೌಖಿಕದಲ್ಲಿ ಪರೀಕ್ಷಕರು ಕೇಳುವುದು ಗೈಡಿನಲ್ಲಿ ಇಲ್ಲದ್ದನ್ನು. ಆದ್ದರಿಂದ ಇಲ್ಲಿ ಒಂದೇ ಪ್ರಶ್ನೆಯನ್ನು ಪೂರ್ತಿ ಬಿಡಿಸಿ ನೋಡೋಣ. ನಿಜವಾಗಿ ಅಂಗಡಿ ತೆರೆಯುವವರಿಗೂ ಇದು ಉಪಯೋಗಕ್ಕೆ ಬಂದೀತು.

ಪ್ರಶ್ನೆ ಹೀಗಿದೆ ಎನ್ನಿ. ಮೂವರು ಗೆಳೆಯರು ಹುಲಜಂತಿಯಲ್ಲಿ ಬೇಕರಿ ಹಾಕುತ್ತಾರೆ. ಒಬ್ಬನಿಗೆ ಸೋಲಾಪುರದಲ್ಲಿ ನೌಕರಿ. 4,00,000 ರೂಪಾಯಿ ಹಾಕುತ್ತಾನೆ, ಅಂಗಡಿಯಲ್ಲಿ ಕೂಡುವುದಿಲ್ಲ. ಇನ್ನೊಬ್ಬನ ತಂದೆಯ ಹೆಸರಿನಲ್ಲಿ ರಸ್ತೆ ಮೇಲೆ ಒಂದು ಮಳಿಗೆ ಇದೆ. ಅವನು 1,00,000 ನಗದು ಹಾಕಿ ಗಲ್ಲಾ ನೋಡಿಕೊಳ್ಳುತ್ತಾನೆ. ಮೂರನೆಯವನು ಬೇಕರಿ ಕೆಲಸ ಕಲಿತವನು. ತನ್ನ ಓವನ್ ಮತ್ತು ಹಿಟ್ಟು ನಾದುವ ಯಂತ್ರ ತರುತ್ತಾನೆ, ಬೆಲೆ 1,00,000. ಪಾವ್, ಖಾರಿ, ಟೋಸ್ಟ್ ಎಲ್ಲ ಅವನ ಕೈಯದೇ. ಹೆಸರಿನ ಬದಲು ಇವರನ್ನು ರೊಕ್ಕದವ, ಜಾಗದವ, ಭಟ್ಟಿಯವ ಎಂದು ಕರೆಯೋಣ.

ಮೊದಲು ತಿಳಿಯಬೇಕಾದ್ದು, ಪತ್ರ ಬರೆಯದಿದ್ದರೂ ಇವರು ಪಾಲುದಾರರೇ. ಪತ್ರ ಸುಮ್ಮನಿರುವ ಕಡೆಯಲ್ಲೆಲ್ಲ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ತಾನೇ ಮಾತಾಡುತ್ತದೆ. ಅದರ 13ನೇ ಕಲಮಿನ ಪ್ರಕಾರ ಲಾಭ ಮೂವರಿಗೂ ಸಮ, ನಷ್ಟವೂ ಸಮ. ದುಡಿದವನಿಗೆ ಪಗಾರ ಇಲ್ಲ. ಬಂಡವಾಳಕ್ಕೆ ಬಡ್ಡಿಯೂ ಇಲ್ಲ. ಬೆಳಗಿನ ನಾಲ್ಕಕ್ಕೆ ಭಟ್ಟಿ ಹೊತ್ತಿಸುವವನಿಗೂ ತಿಂಗಳಿಗೊಮ್ಮೆ ಬಂದು ಹೋಗುವವನಿಗೂ ಒಂದೇ ಪಾಲು. ಇದು ಬೇಡವಾದರೆ ಬೇಡ ಎಂದು ಬರೆಯಬೇಕು. ಪತ್ರದ ಕೆಲಸವೇ ಅದು.

ಬಂಡವಾಳದ ಕಲಮಿನಲ್ಲಿ ರೊಕ್ಕದವನದು ಸುಲಭ: ಮೊತ್ತ, ತಾರೀಖು, ಫರ್ಮಿನ ಬ್ಯಾಂಕ್ ಖಾತೆಗೆ ಜಮಾ. ಭಟ್ಟಿಯವನ ಯಂತ್ರಗಳಿಗೆ ಒಂದು ಪಟ್ಟಿ ಬೇಕು. ಯಾವ ಯಂತ್ರ, ಎಷ್ಟು ಹಳೆಯದು, ಮೂವರೂ ಒಪ್ಪಿದ ಬೆಲೆ ಎಷ್ಟು, ಇಂದಿನಿಂದ ಅದು ಫರ್ಮಿನ ಆಸ್ತಿ ಎಂಬ ಮಾತು. ಇಲ್ಲದಿದ್ದರೆ ಬಿಟ್ಟು ಹೋಗುವಾಗ ಅವನು "ಓವನ್ ನನ್ನದು" ಎಂದು ಎತ್ತಿಕೊಂಡು ಹೋಗುತ್ತಾನೆ, ಉಳಿದವರು "ಫರ್ಮಿನದು" ಎನ್ನುತ್ತಾರೆ.

ವಿದ್ಯಾರ್ಥಿಗಳು ಎಡವುವುದು ಜಾಗದ ವಿಷಯದಲ್ಲಿ. ಮಳಿಗೆಯನ್ನು ಜಾಗದವನ ಬಂಡವಾಳ ಎಂದು ಬರೆದುಬಿಡುತ್ತಾರೆ. ಆದರೆ ಅದು ತಂದೆಯ ಹೆಸರಿನಲ್ಲಿದೆ. ಮಗ ತನ್ನದಲ್ಲದ್ದನ್ನು ಬಂಡವಾಳವಾಗಿ ಹಾಕಲು ಬರುವುದಿಲ್ಲ. ತನ್ನದೇ ಆಗಿದ್ದರೂ ಯೋಚಿಸಬೇಕು, ಏಕೆಂದರೆ ಮಹಾರಾಷ್ಟ್ರದಲ್ಲಿ ನಗದಿನ ಬದಲು ಆಸ್ತಿಯನ್ನು ಬಂಡವಾಳವಾಗಿ ತಂದರೆ ಆ ಆಸ್ತಿಯ ಮೇಲೆ ಖರೀದಿ ಪತ್ರದ ಲೆಕ್ಕದಲ್ಲಿ ಮುದ್ರಾಂಕ ಶುಲ್ಕ ಬೀಳುತ್ತದೆ. ಯಂತ್ರಗಳ ಶುಲ್ಕವನ್ನೂ ಸಹಿಗೆ ಮೊದಲೇ ಕೇಳಿಕೊಳ್ಳಿ. ವಿಜಯಪುರದಿಂದ ತಂದ ಕರ್ನಾಟಕದ ಮಾದರಿ ಪತ್ರದಲ್ಲಿ ಇರುವ ಶುಲ್ಕ ಇಲ್ಲಿ ನಡೆಯದು. ಸರಿಯಾದ ದಾರಿ ಎಂದರೆ ತಂದೆ ಮತ್ತು ಫರ್ಮಿನ ನಡುವೆ ಬೇರೆಯದೇ ಬಾಡಿಗೆ ಕರಾರು, ಐದು ವರ್ಷಕ್ಕೆ, ನೋಂದಣಿ ಮಾಡಿಸಿ. ಪಾಲುದಾರಿಕೆ ಪತ್ರದಲ್ಲಿ ಆ ಕರಾರಿನ ಉಲ್ಲೇಖ ಸಾಕು. ಬಾಡಿಗೆ ಫರ್ಮಿನ ಖರ್ಚು, ಅದು ತಂದೆಗೆ ಹೋಗುತ್ತದೆ. ಮಗನ ಪಾಲಿನೊಳಗೆ ಬೆರೆಯುವುದಿಲ್ಲ.

ಈಗ ಲಾಭ. ಮೈದಾ, ಡಾಲ್ಡಾ, ಸಕ್ಕರೆ, ಕರೆಂಟು, ಬಾಡಿಗೆ ಎಲ್ಲ ಕಳೆದು ಮೊದಲ ವರ್ಷ 4,20,000 ಉಳಿಯಿತು ಎನ್ನಿ. ಪತ್ರ ಇಲ್ಲದಿದ್ದರೆ ಒಬ್ಬೊಬ್ಬರಿಗೆ 1,40,000. ಮೂವರೂ ಮೊದಲೇ ಕುಳಿತು ಹೀಗೆ ಬರೆದಿದ್ದರೆ ನೋಡಿ: ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 10 ಬಡ್ಡಿ, ಭಟ್ಟಿಯವನಿಗೆ ತಿಂಗಳಿಗೆ 15,000 ಪಗಾರ, ಗಲ್ಲಾ ನೋಡುವವನಿಗೆ 5,000, ಉಳಿದದ್ದು ಸಮಪಾಲು. ಬಡ್ಡಿ 60,000 ಹೋಯಿತು, ಪಗಾರ 2,40,000 ಹೋಯಿತು, ಉಳಿದದ್ದು 1,20,000, ತಲಾ 40,000. ರೊಕ್ಕದವನಿಗೆ ಬಡ್ಡಿ ಸೇರಿ 80,000, ಜಾಗದವನಿಗೆ 1,10,000, ಭಟ್ಟಿಯವನಿಗೆ 2,30,000. ಒಟ್ಟು ಮತ್ತೆ 4,20,000. ಅದೇ ಅಂಗಡಿ, ಅದೇ ಮೊತ್ತ. ಬದಲಾದದ್ದು ಬರೆದ ನಾಲ್ಕು ಸಾಲು. ಆದಾಯ ತೆರಿಗೆಯಲ್ಲೂ ಇಂಥ ಬಡ್ಡಿ ಮತ್ತು ಪಗಾರವನ್ನು ಫರ್ಮಿನ ಖರ್ಚೆಂದು ಒಪ್ಪಬೇಕಾದರೆ ಅದು ಪತ್ರದಲ್ಲಿ ಇರಲೇಬೇಕು, ಬಡ್ಡಿ ಶೇಕಡಾ 12 ದಾಟಬಾರದು.

ಇಷ್ಟರ ಮೇಲೆ ನಿಲ್ಲಿಸಿದರೆ ಅರ್ಧ ಕಲಮು. ಮುಂದಿನ ವರ್ಷ 1,50,000 ಮಾತ್ರ ಉಳಿದರೆ? ಪಗಾರವೇ 2,40,000. ಪತ್ರದಲ್ಲಿ ಪಗಾರ ಕಡ್ಡಾಯ ಎಂದಿದ್ದರೆ 90,000 ನಷ್ಟ, ತಲಾ 30,000. ಅಂದರೆ ಇಬ್ಬರ ಪಗಾರಕ್ಕಾಗಿ ರೊಕ್ಕದವ ತನ್ನ ಕೈಯಿಂದ 30,000 ಕೊಟ್ಟಂತಾಯಿತು. ಗೆಳೆತನ ಕೆಡುವುದು ಈ ತಿಂಗಳಲ್ಲೇ. ನನ್ನ ಅಭಿಪ್ರಾಯದಲ್ಲಿ ಸರಿಯಾದ ಬರಹ ಹೀಗಿರಬೇಕು: "ಭಟ್ಟಿಯ ಕೆಲಸ ನೋಡುವ ಪಾಲುದಾರನಿಗೆ ತಿಂಗಳಿಗೆ 8,000 ರೂಪಾಯಿ ಯಾವ ಪರಿಸ್ಥಿತಿಯಲ್ಲೂ ಕೊಡತಕ್ಕದ್ದು. ಅವನ ಪಗಾರದ ಉಳಿದ 7,000 ಮತ್ತು ಗಲ್ಲಾ ನೋಡುವ ಪಾಲುದಾರನ 5,000, ಆ ವರ್ಷದ ಲಾಭ ಇದ್ದಷ್ಟರ ಮಟ್ಟಿಗೆ ಮಾತ್ರ. ಅದರ ನಂತರ ಬಂಡವಾಳದ ಬಡ್ಡಿ." ಆಗ 96,000 ಕಡ್ಡಾಯವಾಗಿ ಹೋಗಿ, ಉಳಿದ 54,000 ಇಬ್ಬರ ಬಾಕಿ ಪಗಾರಕ್ಕೆ ಹಂಚಿಹೋಗುತ್ತದೆ. ಯಾರೂ ಮನೆಯಿಂದ ತಂದು ಹಾಕಬೇಕಿಲ್ಲ.

ರೊಕ್ಕದವನಿಗೆ ಒಂದು ಮಾತು ಬಿಡಿಸಿ ಹೇಳಬೇಕು. "ನಾಲ್ಕು ಲಕ್ಷ ಹೋದರೆ ಹೋಯಿತು, ಅದಕ್ಕಿಂತ ಹೆಚ್ಚು ನನ್ನದೇನೂ ಹೋಗುವುದಿಲ್ಲ" ಎಂದು ಅವನು ತಿಳಿದಿರುತ್ತಾನೆ. 25ನೇ ಕಲಮಿನ ಪ್ರಕಾರ ಫರ್ಮಿನ ಸಾಲಕ್ಕೆ ಪ್ರತಿ ಪಾಲುದಾರನೂ ಪೂರ್ತಿ ಹೊಣೆ. ಮೈದಾ ವ್ಯಾಪಾರಿ ಬಾಕಿಯನ್ನೆಲ್ಲ ನೌಕರಿ ಇರುವವನ ಹತ್ತಿರವೇ ವಸೂಲು ಮಾಡಲು ಬರುತ್ತದೆ. ಅವನು ಆಮೇಲೆ ಉಳಿದಿಬ್ಬರಿಂದ ಪಡೆದುಕೊಳ್ಳಬೇಕು. ಇದನ್ನು ಪತ್ರದಿಂದ ತಪ್ಪಿಸಲಾಗದು. ಇಂತಿಷ್ಟಕ್ಕಿಂತ ಹೆಚ್ಚು ಉದ್ರಿ ಮಾಲು ಅಥವಾ ಸಾಲ ತರಲು ಮೂವರ ಸಹಿ ಬೇಕು ಎಂದು ಬರೆದು ಕಡಿಮೆ ಮಾಡಬಹುದು ಅಷ್ಟೇ. ಅದೂ ಈ ಶರತ್ತು ಗೊತ್ತಿಲ್ಲದ ವ್ಯಾಪಾರಿಗೆ ಅಡ್ಡಿಯಾಗುವುದಿಲ್ಲ, ಒಳಗಿನವರಿಗೆ ಮಾತ್ರ ಕಟ್ಟು.

ಇನ್ನು ಬಿಟ್ಟುಹೋಗುವ ಕಲಮು. ಹೊಸ ಅಂಗಡಿಯ ಪೂಜೆಯ ದಿನ ಯಾರೂ ಇದರ ಮಾತೆತ್ತುವುದಿಲ್ಲ, ಭಿಡೆ. ಪತ್ರದಲ್ಲಿ ಅವಧಿಯಾಗಲಿ ಮುಗಿಸುವ ರೀತಿಯಾಗಲಿ ಇಲ್ಲದಿದ್ದರೆ ಅದು ಇಚ್ಛಾಧೀನ ಪಾಲುದಾರಿಕೆ. 43ನೇ ಕಲಮಿನಂತೆ ಯಾರಾದರೂ ಒಬ್ಬ ಬರಹದ ನೋಟಿಸು ಕೊಟ್ಟರೆ ಇಡೀ ಫರ್ಮು ವಿಸರ್ಜನೆ. ದೀಪಾವಳಿಗೆ ಮಹಾಲಿಂಗರಾಯನ ಜಾತ್ರೆಗೆ ಸಾಲುಸಾಲು ಜನ ಬರುವ ಊರು ಇದು. ಬೇಕರಿಯವನಿಗೆ ವರ್ಷದ ದೊಡ್ಡ ವ್ಯಾಪಾರ ಆಗಲೇ. ಜಾತ್ರೆಗೆ ವಾರ ಇರುವಾಗ ಅಂಥ ನೋಟಿಸು ಬಂದರೆ ಏನಾದೀತು! ಆದ್ದರಿಂದ ಬರೆಯಿರಿ: "ಯಾವ ಪಾಲುದಾರನೂ ಮೂರು ತಿಂಗಳ ಬರಹದ ನೋಟಿಸು ಕೊಟ್ಟು ನಿವೃತ್ತನಾಗಬಹುದು. ದೀಪಾವಳಿಗೆ ಮುಂಚಿನ ಒಂದು ತಿಂಗಳು ಮತ್ತು ನಂತರದ ಒಂದು ತಿಂಗಳಲ್ಲಿ ನೋಟಿಸಿನ ಅವಧಿ ಮುಗಿಯಕೂಡದು. ಉಳಿದ ಪಾಲುದಾರರು ಫರ್ಮನ್ನು ಮುಂದುವರಿಸತಕ್ಕದ್ದು." ಒಬ್ಬ ಪಾಲುದಾರ ತೀರಿಕೊಂಡರೂ ಬೇರೆ ಮಾತಿಲ್ಲದಿದ್ದರೆ ಫರ್ಮು ಮುಗಿಯುತ್ತದೆ. ಈ ಕಲಮನ್ನು ಅದಕ್ಕೂ ಅನ್ವಯಿಸಿ, ವಾರಸುದಾರರಿಗೆ ಹಣ ಎಂದು ಸೇರಿಸಿ. ಇಬ್ಬರೇ ಪಾಲುದಾರರಿರುವ ಫರ್ಮಿಗೆ ಇದು ಹೊಂದುವುದಿಲ್ಲ.

ಎಷ್ಟು ಕೊಟ್ಟು ಕಳಿಸಬೇಕು? ಎರಡು ವರ್ಷದ ಮೇಲೆ ಜಾಗದವ ಹೊರಟ ಎನ್ನಿ. ಅಂದಿನ ಬೆಲೆಗೆ ಯಂತ್ರ, ಮಾಲು, ಬರಬೇಕಾದ ಉದ್ರಿ, ಬ್ಯಾಂಕಿನ ಹಣ ಸೇರಿ 5,70,000. ಕೊಡಬೇಕಾದ ಬಾಕಿ 60,000. ನಿವ್ವಳ 5,10,000. ಇದರಲ್ಲಿ ಮೂರನೇ ಒಂದು ಭಾಗ ಅಂದರೆ 1,70,000 ಎಂದು ಬರೆದರೆ ಅಂಕ ಹೋಯಿತು. ಸಮಪಾಲು ಇರುವುದು ಲಾಭ ನಷ್ಟಕ್ಕೆ, ಬಂಡವಾಳಕ್ಕಲ್ಲ. ಹಾಕಿದ ಬಂಡವಾಳ 6,00,000, ಈಗ ಇರುವುದು 5,10,000. ಕೊರತೆ 90,000, ತಲಾ 30,000. ಜಾಗದವನಿಗೆ ಬರಬೇಕಾದ್ದು ಅವನ 1,00,000ದಲ್ಲಿ 30,000 ಕಳೆದು 70,000. ರೊಕ್ಕದವನ ಲೆಕ್ಕದಲ್ಲಿ 3,70,000, ಭಟ್ಟಿಯವನ ಲೆಕ್ಕದಲ್ಲಿ 70,000. ಕೂಡಿಸಿದರೆ 5,10,000 ತಾಳೆ ಆಗುತ್ತದೆ. ಈ ತಾಳೆಯನ್ನು ಉತ್ತರ ಪತ್ರಿಕೆಯ ಅಂಚಿನಲ್ಲಿ ಮಾಡಿ ತೋರಿಸಿ.

ಇದರ ಮೇಲೆ ಅಂಗಡಿಯ ಹೆಸರಿನ ಬೆಲೆ, ಗುಡ್‌ವಿಲ್. ಹೊರಡುವವ ಲಕ್ಷಗಟ್ಟಲೆ ಹೇಳುತ್ತಾನೆ, ಇರುವವರು ಏನೂ ಇಲ್ಲ ಎನ್ನುತ್ತಾರೆ. ಸೂತ್ರ ಮೊದಲೇ ಇರಲಿ: ಕಳೆದ ಎರಡು ವರ್ಷದಲ್ಲಿ ಪಗಾರ ಬಡ್ಡಿ ಕಳೆದು ಉಳಿದ ಲಾಭದ ಸರಾಸರಿ, ಒಂದು ವರ್ಷದ್ದು. ಆ ಸರಾಸರಿ 60,000 ಆದರೆ ಜಾಗದವನ ಪಾಲು 20,000, ಒಟ್ಟು 90,000. ಒಮ್ಮೆಲೇ ಕೊಟ್ಟರೆ ಮೈದಾಕ್ಕೆ ಹಣ ಉಳಿಯುವುದಿಲ್ಲ, ಆದ್ದರಿಂದ ಆರು ಸಮ ಕಂತು, ಬಡ್ಡಿ ಸಹಿತ ಎನ್ನಿ. ಲೆಕ್ಕ ತೀರಿಸದೆ ಅಂಗಡಿ ನಡೆಸುತ್ತ ಹೋದರೆ 37ನೇ ಕಲಮು ಅವನ ಕಡೆ: ತನ್ನ ಆಸ್ತಿಯ ಪಾಲಿನಿಂದ ಬಂದ ಮುಂದಿನ ಲಾಭವನ್ನಾಗಲಿ ಶೇಕಡಾ 6 ಬಡ್ಡಿಯನ್ನಾಗಲಿ ಕೇಳಬಹುದು.

ಹೊರಟವನು ಎದುರಿಗೇ ಬೇಕರಿ ತೆರೆದರೆ? ತೆರೆಯಬಾರದು ಎಂಬ ಶರತ್ತು ನಿಲ್ಲುತ್ತದೆ, ಆದರೆ ಕಾಲ ಅಥವಾ ಸ್ಥಳದ ಮಿತಿ ಇರಬೇಕು, ಅದೂ ಸಮಂಜಸವಾಗಿ. ಹುಲಜಂತಿ ಊರೊಳಗೆ ಎರಡು ವರ್ಷ ಎಂದರೆ ಸರಿ. ಇಡೀ ಸೋಲಾಪುರ ಜಿಲ್ಲೆಯಲ್ಲಿ ಎಂದೆಂದಿಗೂ ಎಂದು ಬರೆದರೆ ಉಳಿಯುವುದು ಕಷ್ಟ. ಹೊರಟವನಿಗೂ ಒಂದು ಎಚ್ಚರಿಕೆ ಉಂಟು: ಸಾರ್ವಜನಿಕ ನೋಟಿಸು ಆಗುವವರೆಗೆ ಅವನು ಇನ್ನೂ ಪಾಲುದಾರನೆಂದು ನಂಬಿ ಮಾಲು ಕೊಟ್ಟವರಿಗೆ ಅವನೂ ಹೊಣೆ. ನೋಂದಾಯಿತ ಫರ್ಮಾದರೆ ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ಗೆ ತಿಳಿಸಿ, ಗೆಜೆಟ್ಟಿನಲ್ಲೂ ಜಿಲ್ಲೆಯಲ್ಲಿ ಓಡಾಡುವ ದೇಶಭಾಷೆಯ ಪತ್ರಿಕೆಯಲ್ಲೂ ಪ್ರಕಟಿಸಬೇಕು. ಗಡಿಯಾಚೆಯ ಮಾಲಿನವರು ಸೋಲಾಪುರದ ಪತ್ರಿಕೆ ನೋಡುವುದಿಲ್ಲ. ಅವರಿಗೆ ಬೇರೆ ಪತ್ರ ಬರೆದು ಪೋಚ್ ಪಡೆಯುವುದು ಜಾಣತನ.

ನೋಂದಣಿ ಕಡ್ಡಾಯವೇ ಎಂದು ಮೌಖಿಕದಲ್ಲಿ ತಪ್ಪದೆ ಕೇಳುತ್ತಾರೆ. ಕಡ್ಡಾಯವಲ್ಲ, ಆದರೆ 69ನೇ ಕಲಮಿನಂತೆ ನೋಂದಣಿ ಇಲ್ಲದ ಫರ್ಮು ಕರಾರಿನ ಮೇಲೆ ಹೊರಗಿನವರ ವಿರುದ್ಧ ದಾವೆ ಹಾಕಲಾರದು. ಟೋಸ್ಟ್ ಒಯ್ದ ಹೋಟೆಲಿನವ ದುಡ್ಡು ಕೊಡದಿದ್ದರೆ ಸುಮ್ಮನೆ ಕೂಡಬೇಕು. ಮಹಾರಾಷ್ಟ್ರದ ಒಂದು ತಿದ್ದುಪಡಿ, 69(2ಎ), ಇದಕ್ಕಿಂತ ಮುಂದೆ ಹೋಗಿ, ನೋಂದಣಿ ಇಲ್ಲದಿದ್ದರೆ ಪಾಲುದಾರರು ತಮ್ಮೊಳಗೆ ವಿಸರ್ಜನೆಗೆ, ಲೆಕ್ಕಕ್ಕೆ ದಾವೆ ಹಾಕುವುದನ್ನೂ ಬಹುಮಟ್ಟಿಗೆ ತಡೆದಿತ್ತು. 2009ರಲ್ಲಿ ವಿ. ಸುಬ್ರಮಣ್ಯಂ ವಿರುದ್ಧ ರಾಜೇಶ್ ರಘುವಂದ್ರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿತು. ಹಳೆಯ ಗೈಡುಗಳಲ್ಲಿ ಅದಿನ್ನೂ ಜಾರಿಯಲ್ಲಿದ್ದಂತೆ ಅಚ್ಚಾಗಿರುತ್ತದೆ, ನೋಡಿಕೊಳ್ಳಿ.

ಕೊನೆಯ ಪ್ರಶ್ನೆ ಜಾಗದ್ದೇ ಆಗಿರಬಹುದು: ಮಗ ಹೊರಟ ಮೇಲೆ ತಂದೆ ಮಳಿಗೆ ಖಾಲಿ ಮಾಡಿ ಎಂದರೆ? ತಂದೆಗೂ ಫರ್ಮಿಗೂ ಬೇರೆ ಕರಾರು ಮಾಡಿಸಿದ್ದು ಇದಕ್ಕಾಗಿಯೇ. ಪಾಲುದಾರ ಬದಲಾದರೂ ಅವಧಿ ಮುಗಿಯುವವರೆಗೆ ಬಾಡಿಗೆ ಮುಂದುವರಿಯುತ್ತದೆ ಎಂಬ ಸಾಲು ಆ ಕರಾರಿನಲ್ಲಿ, ತಂದೆಯ ಸಹಿಯ ಮೇಲೆ, ಇರಬೇಕು. ಪಾಲುದಾರಿಕೆ ಪತ್ರದಲ್ಲಿ ಬರೆದರೆ ಅವರಿಗೆ ಅದು ಅನ್ವಯಿಸುವುದಿಲ್ಲ; ಆ ಪತ್ರಕ್ಕೆ ಅವರು ಸಹಿ ಮಾಡಿದವರೇ ಅಲ್ಲ.