ಬಾಣ ತಿನ್ನುವವರ ಕಡೆಗೆ

ಆಹಾರ ಜಾಲದ ಸ್ಲೈಡಿನಲ್ಲಿ ಮೊದಲು ಬಾಣಗಳನ್ನು ನೋಡಿ. ಪಾಚಿಯಿಂದ ಬಸವನಹುಳುವಿಗೆ, ಹುಳುವಿನಿಂದ ಮೀನಿಗೆ. ಅದು ಬೇಟೆಯ ದಿಕ್ಕಲ್ಲ, ಶಕ್ತಿ ಹರಿಯುವ ದಿಕ್ಕು.

ಪಕ್ಕದ ಪಿರಮಿಡ್ಡಿಗೆ ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಚಿಲುಮೆಯ ಲೆಕ್ಕವೇ ಸಾಕು. ಹೋವರ್ಡ್ ಓಡಮ್ 1957ರಲ್ಲಿ ಪ್ರಕಟಿಸಿದ್ದು. ವರ್ಷಕ್ಕೆ ಚದರ ಮೀಟರಿಗೆ ಸಸ್ಯಗಳು ಹಿಡಿದದ್ದು 20,810 ಕಿಲೋಕ್ಯಾಲರಿ. ಸಸ್ಯಾಹಾರಿಗಳಿಗೆ ದಕ್ಕಿದ್ದು 3,368, ಅವನ್ನು ತಿನ್ನುವವಕ್ಕೆ 383, ತುದಿಯ ಬೇಟೆಗಾರರಿಗೆ ಬರೀ 21.

ಉಳಿದದ್ದು ಎಲ್ಲಿ ಹೋಯಿತು? ಅರ್ಧಕ್ಕಿಂತ ಹೆಚ್ಚನ್ನು ಸಸ್ಯಗಳೇ ಉಸಿರಾಟದಲ್ಲಿ ಖರ್ಚು ಮಾಡಿ ಶಾಖವಾಗಿ ಬಿಟ್ಟವು. ಯಾರೂ ತಿನ್ನದ ಎಲೆ, ಜೀರ್ಣವಾಗದ ಹಿಕ್ಕೆ ಕೊಳೆಸುವ ಜೀವಿಗಳ ಪಾಲಾದವು. ಆ ಶಾಖ ಮಾತ್ರ ಮತ್ತೆ ಯಾರಿಗೂ ಆಹಾರವಾಗದು. ಅಂದಹಾಗೆ, ಪಠ್ಯಪುಸ್ತಕದ ‘ಶೇ 10’ ಸ್ಥೂಲ ಅಂದಾಜಷ್ಟೇ. ಇಲ್ಲಿ ಅದು ಸುಮಾರು ಶೇ 16, 11, 5 ಎಂದು ಬದಲಾಗಿದೆ.